ಕತ್ತರಿಸಿದರೂ ಕೆಡದ ಕರಪತ್ರ

ಕರಪತ್ರವನ್ನು ಅದರ ಅಳತೆಯ ಕಾಗದದ ಮೇಲೆಯೇ ಮುದ್ರಿಸುತ್ತಾರೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಪ್ರೆಸ್ಸಿನಲ್ಲಿ ನಡೆಯುವುದು ಬೇರೆ. ಒಂದು ದೊಡ್ಡ ಶೀಟಿನ ಮೇಲೆ ಅದೇ ಕರಪತ್ರ ನಾಲ್ಕು ಸಲವೋ ಎಂಟು ಸಲವೋ ಅಚ್ಚಾಗುತ್ತದೆ. ಆಮೇಲೆ ನೂರಾರು ಶೀಟುಗಳನ್ನು ಒಟ್ಟಿಗೆ ಕಟಿಂಗ್ ಮೆಷಿನ್ನಿನಲ್ಲಿಟ್ಟು ಬೇಕಾದ ಅಳತೆಗೆ ಕತ್ತರಿಸುತ್ತಾರೆ. ಫೋನ್ ನಂಬರಿನ ಕೊನೆಯ ಸಾಲು ಅರ್ಧ ಹಾರಿಹೋಗುವುದು, ಬಣ್ಣದ ಹಿನ್ನೆಲೆಯ ಪಕ್ಕದಲ್ಲಿ ದಾರದಂಥ ಬಿಳಿ ಗೆರೆ ಕಾಣಿಸಿಕೊಳ್ಳುವುದು ಈ ಹಂತದಲ್ಲಿಯೇ.

ಕತ್ತರಿಸುವವರ ಅಜಾಗರೂಕತೆಯಿಂದಲೇ ಹೀಗಾಗುತ್ತದೆ ಎನ್ನಲಾಗದು. ಮುದ್ರಣ ಯಂತ್ರದೊಳಗೆ ಹೋಗುವಾಗ ಒಂದೊಂದು ಶೀಟೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಹಿಂಬದಿಯನ್ನು ಅಚ್ಚು ಹಾಕಲು ಶೀಟನ್ನು ಮಗುಚಿದಾಗ ಇನ್ನಷ್ಟು ಸರಿಯುತ್ತದೆ. ಕಟ್ಟಿನ ಮೇಲೆ ಬ್ಲೇಡು ಇಳಿಯುವಾಗ ಒತ್ತಡಕ್ಕೆ ಕಾಗದ ತುಸು ಎಳೆದುಕೊಳ್ಳುವುದರಿಂದ ಮೇಲಿನ ಹಾಳೆಗೂ ತಳದ ಹಾಳೆಗೂ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಎಲ್ಲ ಸೇರಿ ಒಂದು ಮಿಲಿಮೀಟರಿನಷ್ಟು ಏರುಪೇರು ಸಾಮಾನ್ಯ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಆಗುತ್ತದೆ. ಬ್ಲೇಡು ಗೆರೆಯ ಹೊರಗೆ ಬಿದ್ದರೂ ಒಳಗೆ ಬಿದ್ದರೂ ಕರಪತ್ರ ಕೆಡದಂತೆ ವಿನ್ಯಾಸದಲ್ಲೇ ಏರ್ಪಾಡು ಇರಬೇಕು. ಹೊರಗೆ ಬಿದ್ದಾಗ ಕಾಯುವುದು ಬ್ಲೀಡ್, ಒಳಗೆ ಬಿದ್ದಾಗ ಕಾಯುವುದು ಸೇಫ್ ಮಾರ್ಜಿನ್.

ಹಲಸಿನ ಮೇಳವೊಂದಕ್ಕೆ ಎ5 ಅಳತೆಯ ಕರಪತ್ರ ಮಾಡಬೇಕಾಗಿದೆ ಎಂದುಕೊಳ್ಳೋಣ. ಹಿನ್ನೆಲೆ ಪೂರ್ತಿ ಹಸಿರು, ಬಲಗಡೆಯ ಅಂಚಿನವರೆಗೂ ಹಲಸಿನ ಹಣ್ಣಿನ ಚಿತ್ರ, ಅಡಿಯಲ್ಲಿ ಸ್ಥಳ ಮತ್ತು ಫೋನ್ ನಂಬರು. ಕೈಗೆ ಬರುವ ಕರಪತ್ರದ ಅಳತೆ 148 ಮಿಮೀ ಅಗಲ, 210 ಮಿಮೀ ಎತ್ತರ. ನಾಲ್ಕೂ ಕಡೆ 3 ಮಿಮೀ ಬ್ಲೀಡ್ ಸೇರಿಸಿದರೆ ಕಡತದ ಅಳತೆ 154 × 216 ಮಿಮೀ ಆಗುತ್ತದೆ. ಹಸಿರು ಬಣ್ಣವೂ ಹಣ್ಣಿನ ಚಿತ್ರವೂ ಈ ಹೊರಗಿನ ಗೆರೆಯವರೆಗೆ ಚಾಚಿರಬೇಕು. ಬಣ್ಣ ಅಷ್ಟು ದೂರ ಇದ್ದರೆ, ಬ್ಲೇಡು ಒಂದು ಮಿಲಿಮೀಟರು ಹೊರಗೆ ಬಿದ್ದರೂ ಅಲ್ಲಿಯೂ ಹಸಿರೇ ಇರುತ್ತದೆ. ಇನ್ನು ಅಕ್ಷರ, ಲಾಂಛನ, ಕ್ಯೂಆರ್ ಕೋಡುಗಳೆಲ್ಲ ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿಮೀ ಒಳಗಿರಲಿ. ಅಂದರೆ ಅವುಗಳಿಗೆ ಸಿಗುವ ಜಾಗ 138 × 200 ಮಿಮೀ. ಹಿನ್ನೆಲೆ ಬರೀ ಬಿಳಿಯಾಗಿದ್ದು ಅಂಚಿಗೆ ಯಾವ ಚಿತ್ರವೂ ತಾಗದಿದ್ದರೆ ಬ್ಲೀಡ್ ಬೇಡ. ಮಾರ್ಜಿನ್ ಮಾತ್ರ ಆಗಲೂ ಬೇಕು.

ಕನ್ನಡದ ಕರಪತ್ರಕ್ಕೆ ಇಲ್ಲಿ ವಿಶೇಷ ಎಚ್ಚರಿಕೆ ಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಡಿಯಲ್ಲಿ ‘ಸಂಪರ್ಕಕ್ಕೆ’ ಎಂದಿದ್ದರೆ 5 ಮಿಮೀಯನ್ನು ಅಳೆಯಬೇಕಾದದ್ದು ಆ ಕವೊತ್ತಿನ ತಳದಿಂದ, ‘ಸಂಪ’ ಅಕ್ಷರಗಳ ತಳದಿಂದಲ್ಲ. ಒತ್ತು ಕತ್ತರಿಸಿಹೋದರೆ ಪದವೇ ಬೇರೆಯಾಗಿ ಕಾಣುತ್ತದೆ. ಚುನಾವಣೆಯ ಕರಪತ್ರವಾದರೆ ಇದು ಕಾನೂನಿನ ಮಾತೂ ಹೌದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು. ಆ ಸಾಲನ್ನು ಸಣ್ಣ ಅಕ್ಷರದಲ್ಲಿ ತೀರ ಅಂಚಿಗೆ ತಳ್ಳುವುದು ನಮ್ಮಲ್ಲಿ ರೂಢಿ. ಮೊದಲು ಬ್ಲೇಡಿಗೆ ಸಿಗುವುದೂ ಅದೇ.

ಸುತ್ತ ಬಾರ್ಡರ್ ಹಾಕುವ ಆಸೆ ಇರುವವರಿಗೂ ಒಂದು ಮಾತು. ಅಂಚಿನಿಂದ 2 ಮಿಮೀ ಒಳಗೆ ತೆಳ್ಳನೆಯ ಗೆರೆ ಎಳೆದಿದ್ದು ಬ್ಲೇಡು ಒಂದೇ ಮಿಲಿಮೀಟರು ಎಡಕ್ಕೆ ಸರಿದರೆ, ಒಂದು ಕಡೆ 3 ಮಿಮೀ, ಇನ್ನೊಂದು ಕಡೆ 1 ಮಿಮೀ ಉಳಿಯುತ್ತದೆ. ಕರಪತ್ರ ಸೊಟ್ಟಗಾಗಿದೆ ಎಂದು ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಅದೇ ಗೆರೆ 8 ಮಿಮೀ ಒಳಗಿದ್ದರೆ 9 ಮತ್ತು 7ರ ವ್ಯತ್ಯಾಸವನ್ನು ಕಣ್ಣು ಅಷ್ಟಾಗಿ ಗುರುತಿಸುವುದಿಲ್ಲ. ಆದ್ದರಿಂದ ಬಾರ್ಡರನ್ನು ಚೆನ್ನಾಗಿ ಒಳಗೆ ತನ್ನಿ, ಇಲ್ಲವೇ ಬಿಟ್ಟುಬಿಡಿ.

ಕಂಪ್ಯೂಟರಿನಲ್ಲಿ ಇದನ್ನು ಹೊಂದಿಸುವುದು ಕಷ್ಟವಲ್ಲ, ಆದರೆ ಕೆಲಸ ಶುರುಮಾಡುವ ಮೊದಲೇ ಹೊಂದಿಸಬೇಕು. ಕೋರೆಲ್ ಡ್ರಾದಲ್ಲಿ ಪುಟವನ್ನು 148 × 210 ಎಂದೇ ಇಟ್ಟು, ಪುಟದ ಅಳತೆಯ ಜಾಗದಲ್ಲಿರುವ Bleed ಎದುರು 3 ಮಿಮೀ ಕೊಡಬೇಕು. ಪಿಡಿಎಫ್ ಮಾಡುವಾಗ Prepress ಭಾಗದಲ್ಲಿ Bleed limit ಆಯ್ದುಕೊಳ್ಳದಿದ್ದರೆ ಪಟ್ಟ ಶ್ರಮವೆಲ್ಲ ಅಲ್ಲಿಯೇ ಕತ್ತರಿಸಿಹೋಗುತ್ತದೆ. ಕ್ಯಾನ್ವಾದಲ್ಲಿ Show print bleed ಆನ್ ಮಾಡಿ, ಹಿನ್ನೆಲೆಯನ್ನು ಆ ಚುಕ್ಕೆಗೆರೆಯ ಆಚೆಗೂ ಎಳೆದು, ಇಳಿಸಿಕೊಳ್ಳುವಾಗ PDF Print ಜೊತೆಗೆ Crop marks and bleed ಗುರುತು ಹಾಕಬೇಕು. ಫೋಟೋಶಾಪಿನಲ್ಲಾದರೆ ಕ್ಯಾನ್ವಾಸನ್ನೇ 154 × 216 ಇಟ್ಟು, 3 ಮಿಮೀಗೊಂದು, 8 ಮಿಮೀಗೊಂದು ಗೈಡ್ ಎಳೆದುಕೊಂಡರೆ ಸಾಕು.

ಬ್ಲೀಡ್ ನೆನಪಾಗುವುದು ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ. ಆಗ ಮುಗಿದ ವಿನ್ಯಾಸವನ್ನೇ ಸ್ವಲ್ಪ ಹಿಗ್ಗಿಸಿ ‘ಬ್ಲೀಡ್ ಆಯಿತು’ ಎನ್ನುವವರಿದ್ದಾರೆ. ನಮ್ಮ ಹಲಸಿನ ಮೇಳದ ಕರಪತ್ರದಲ್ಲೇ ಲೆಕ್ಕ ಹಾಕಿ ನೋಡೋಣ. 148 ಮಿಮೀ ಅಗಲವನ್ನು 154ಕ್ಕೆ ತರಬೇಕಾದರೆ ಎಲ್ಲವನ್ನೂ ಶೇಕಡಾ 4ರಷ್ಟು ದೊಡ್ಡದು ಮಾಡಬೇಕು. ಆಗ ಹಿನ್ನೆಲೆಯ ಜೊತೆಗೆ ಅಕ್ಷರಗಳೂ ನಡುವಿನಿಂದ ಹೊರಕ್ಕೆ ಸರಿಯುತ್ತವೆ. ಅಡಿಯಲ್ಲಿ ಕತ್ತರಿಸುವ ಗೆರೆಯಿಂದ 5 ಮಿಮೀ ದೂರದಲ್ಲಿದ್ದ ಫೋನ್ ನಂಬರು ಈಗ ಸುಮಾರು 1 ಮಿಮೀ ದೂರಕ್ಕೆ ಬಂದು ನಿಲ್ಲುತ್ತದೆ. ಬ್ಲೇಡಿನ ಏರುಪೇರೂ ಅಷ್ಟೇ ಆದ್ದರಿಂದ ಆ ಸಾಲು ಹಲವು ಪ್ರತಿಗಳಲ್ಲಿ ಉಳಿಯಲಾರದು. ಹಿನ್ನೆಲೆಯನ್ನು ಮಾತ್ರ ಹೊರಕ್ಕೆ ಚಾಚಿ, ಅಕ್ಷರಗಳನ್ನು ಇದ್ದಲ್ಲಿಯೇ ಬಿಡುವುದು ಸರಿಯಾದ ದಾರಿ. ಅಂಚಿನ ಚಿತ್ರ ಚಾಚುವಷ್ಟು ದೊಡ್ಡದಿಲ್ಲದಿದ್ದರೆ ಆ ಚಿತ್ರವೊಂದನ್ನೇ ತುಸು ಹಿಗ್ಗಿಸಬಹುದು.

ಶೀಟಿನ ಅಳತೆಯೂ ಇದರಲ್ಲಿ ಕೈಯಾಡಿಸುತ್ತದೆ. ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಹೆಚ್ಚಾಗಿ ಬಳಸುವ 12 × 18 ಇಂಚಿನ ಶೀಟಿನ ಅಗಲ ಸುಮಾರು 305 ಮಿಮೀ. ಬ್ಲೀಡ್ ಇರುವ ಎರಡು ಎ5 ಪಕ್ಕಪಕ್ಕ ಕೂತರೆ 308 ಮಿಮೀ ಬೇಕು. ಶೀಟಿನ ಅಂಚಿನ ಕೆಲವು ಮಿಲಿಮೀಟರುಗಳಲ್ಲಿ ಯಂತ್ರ ಅಚ್ಚು ಹಾಕುವುದೂ ಇಲ್ಲ. ನಾಲ್ಕು ಪ್ರತಿ ಹಿಡಿಸಲೇಬೇಕೆಂದು ಅಂಗಡಿಯವರು ವಿನ್ಯಾಸವನ್ನು ಕುಗ್ಗಿಸುತ್ತಾರೆ, ಇಲ್ಲವೇ ಬ್ಲೀಡನ್ನು ಕಿತ್ತುಹಾಕುತ್ತಾರೆ. 13 × 19 ಇಂಚಿನ ಶೀಟಾದರೆ ನಾಲ್ಕೂ ಬ್ಲೀಡಿನ ಸಮೇತ ಸಲೀಸಾಗಿ ಕೂರುತ್ತವೆ.

ಕಡತ ಕಳಿಸುವ ಮುನ್ನ ಪಿಡಿಎಫ್ ತೆರೆದು ಪುಟದ ಅಳತೆ ನೋಡಿ. 148 × 210 ಎಂದೇ ಇದ್ದರೆ ಬ್ಲೀಡ್ ಸೇರಿಲ್ಲ. 154 × 216 ಇರಬೇಕು, ಕ್ರಾಪ್ ಮಾರ್ಕ್ ಇದ್ದರೆ ಇನ್ನೂ ದೊಡ್ಡದಿರುತ್ತದೆ. ಒಂದು ಪ್ರತಿಯನ್ನು ಎ4 ಹಾಳೆಯ ಮೇಲೆ ನೂರು ಪ್ರತಿಶತ ಅಳತೆಯಲ್ಲಿಯೇ ತೆಗೆದು, ಬೇಕೆಂದೇ ಗೆರೆಗಿಂತ 1 ಮಿಮೀ ಒಳಗೆ ಕತ್ತರಿಸಿ. ಆಗಲೂ ಓದಲು ಹಿತವಾಗಿದ್ದರೆ ಧೈರ್ಯವಾಗಿ ಪ್ರೆಸ್ಸಿಗೆ ಕೊಡಬಹುದು. ಕೆಲಸ ಮುಗಿದು ಕಟ್ಟು ಕೈಗೆ ಬಂದಾಗ ಮೇಲಿನದೊಂದನ್ನೇ ನೋಡಿ ಒಪ್ಪಿಕೊಳ್ಳಬೇಡಿ. ನಡುವಿನಿಂದ ಒಂದು, ತಳದಿಂದ ಒಂದು ಎಳೆದು ನಾಲ್ಕೂ ಅಂಚು ನೋಡಿ, ಆಮೇಲೆ ಹಣ ಕೊಡಿ.