ಒನ್ ಆಫ್ ದಿ… ಆಮೇಲೆ ಈಸೋ, ಆರೋ?

ಲೆಕ್ಕಪತ್ರ ವಿಭಾಗದಿಂದ ಇಂಥದ್ದೊಂದು ಮೇಲ್ ಹೊರಟಿದೆ ಎಂದುಕೊಳ್ಳಿ: ‘ಒನ್ ಆಫ್ ದಿ ಇನ್‌ವಾಯ್ಸ್ ಆರ್ ಮಿಸ್ಸಿಂಗ್. ನೈದರ್ ದಿ ವೆಂಡರ್ ನಾರ್ ದಿ ಮ್ಯಾನೇಜರ್ಸ್ ಹ್ಯಾಸ್ ನಾಟ್ ರಿಪ್ಲೈಡ್. ಈಚ್ ಆಫ್ ದಿ ಬ್ರಾಂಚ್ ಹ್ಯಾವ್ ಟು ಸೆಂಡ್ ಎ ಕಾಪಿ.’ ವಿಷಯವೇನೋ ತಿಳಿಯಿತು. ಆದರೆ ಮೂರು ವಾಕ್ಯಗಳಲ್ಲೂ ಎರಡೆರಡು ತಪ್ಪುಗಳಿವೆ.

ಮೊದಲನೆಯದನ್ನು ನೋಡೋಣ. ಹಲವು ಇನ್‌ವಾಯ್ಸ್‌ಗಳಿದ್ದರೆ ತಾನೇ ಅವುಗಳಲ್ಲಿ ಒಂದು ಎನ್ನಲು ಸಾಧ್ಯ? ಆದ್ದರಿಂದ ‘ಇನ್‌ವಾಯ್ಸಸ್’ ಆಗಬೇಕು. ಕಾಣೆಯಾಗಿರುವುದು ಮಾತ್ರ ಒಂದೇ, ಹಾಗಾಗಿ ಕ್ರಿಯಾಪದ ‘ಈಸ್’. ‘ಇನ್‌ವಾಯ್ಸ್‌ಗಳಲ್ಲಿ ಒಂದು ಸಿಗುತ್ತಿಲ್ಲ’ ಎಂದು ಕನ್ನಡದಲ್ಲಿ ಬರೆದಾಗ ‘ಒಂದು’ ಕ್ರಿಯಾಪದದ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಅದು ಮುಂದೆ ಹೋಗಿ ಕೂತು, ಬಹುವಚನ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ಕೈ ತಪ್ಪುವುದು ಅಲ್ಲೇ. ‘ಆಫ್ ದಿ ಇನ್‌ವಾಯ್ಸಸ್’ ಅನ್ನು ಬೆರಳಿನಿಂದ ಮುಚ್ಚಿ ಓದಿದರೆ ‘ಒನ್ ಈಸ್ ಮಿಸ್ಸಿಂಗ್’ ಎಂಬುದು ಉಳಿಯುತ್ತದೆ. ‘ಈಚ್ ಆಫ್’ಗೂ ಇದೇ ಪರೀಕ್ಷೆ: ‘ಈಚ್ ಆಫ್ ದಿ ಬ್ರಾಂಚಸ್ ಹ್ಯಾಸ್ ಟು ಸೆಂಡ್ ಎ ಕಾಪಿ’. ಈಚ್ ಹಿಂದಕ್ಕೆ ಸರಿದು ‘ದಿ ಬ್ರಾಂಚಸ್ ಈಚ್’ ಎಂದಾದರೆ ಮಾತ್ರ ಕರ್ತೃ ಬ್ರಾಂಚಸ್, ಕ್ರಿಯಾಪದ ‘ಹ್ಯಾವ್’.

ನೈದರ್–ನಾರ್ ನಮ್ಮವರನ್ನು ಹೆಚ್ಚು ಕಾಡುತ್ತದೆ, ಅದಕ್ಕೆ ನಮ್ಮ ‘ಇಲ್ಲ’ವೂ ಒಂದು ಕಾರಣ. ‘ವೆಂಡರ್ ಆಗಲಿ ಮ್ಯಾನೇಜರುಗಳಾಗಲಿ ಉತ್ತರಿಸಿಲ್ಲ’ ಎಂಬಲ್ಲಿನ ‘ಉತ್ತರಿಸಿಲ್ಲ’ಕ್ಕೆ ಏಕವಚನ, ಬಹುವಚನ ಎರಡೂ ಒಂದೇ. ಇಂಗ್ಲಿಷಿನಲ್ಲಿ ಹ್ಯಾಸೋ ಹ್ಯಾವೋ ಎಂದು ಆರಿಸಲೇಬೇಕು. ರೂಢಿಯ ನಿಯಮದಂತೆ ಕ್ರಿಯಾಪದಕ್ಕೆ ಹತ್ತಿರವಿರುವ ಹೆಸರನ್ನು ನೋಡಬೇಕು. ಇಲ್ಲಿ ‘ಮ್ಯಾನೇಜರ್ಸ್’ ಹತ್ತಿರವಿದೆ, ಆದ್ದರಿಂದ ‘ಹ್ಯಾವ್ ರಿಪ್ಲೈಡ್’. ಸಾಲು ತಿರುಗಿಸಿ ‘ವೆಂಡರ್’ ಅನ್ನು ಕೊನೆಗಿಟ್ಟರೆ ‘ಹ್ಯಾಸ್ ರಿಪ್ಲೈಡ್’. ಬಹುವಚನವನ್ನು ಕೊನೆಗಿಡುವುದೇ ಕಿವಿಗೆ ಹಿತ. ಇನ್ನು ಆ ‘ನಾಟ್’ ಬಂದದ್ದು ಕನ್ನಡದಿಂದಲೇ. ‘ಆಗಲಿ–ಆಗಲಿ’ ಎಂದ ಮೇಲೆ ನಮಗೆ ನಿಷೇಧದ ಕ್ರಿಯಾಪದ ಬೇಕೇ ಬೇಕು. ನೈದರ್ ಮಾತ್ರ ಇಲ್ಲ ಎಂಬುದನ್ನು ಆಗಲೇ ಹೇಳಿಬಿಟ್ಟಿರುತ್ತದೆ, ಮತ್ತೆ ಹೇಳಬೇಕಿಲ್ಲ.

ಐದರ್ ಬಂದಾಗಲೂ ಹತ್ತಿರದ ಹೆಸರಿನ ನಿಯಮವೇ. ಆದರೆ ‘ನೀವು ಇಲ್ಲವೇ ನಾನು ಬರುತ್ತೇವೆ’ ಎಂಬುದನ್ನು ಐದರ್ ಹಾಕಿ ಬರೆದರೆ ನಿಯಮದ ಪ್ರಕಾರ ‘ಐ ಆ್ಯಮ್’ ಎನ್ನಬೇಕಾಗಿ ವಾಕ್ಯ ಕುಂಟುತ್ತದೆ. ‘ಒನ್ ಆಫ್ ಅಸ್ ಈಸ್ ಕಮಿಂಗ್’ ಎಂದು ಬದಲಿಸಿಬಿಡಿ, ಜಗಳವೇ ಇಲ್ಲ.

ಆಡುಮಾತಿನಲ್ಲಿ ‘ನೈದರ್ ಆಫ್ ದೆಮ್ ಆರ್’ ಎನ್ನುವವರು ಇಂಗ್ಲಿಷರಲ್ಲೂ ಇದ್ದಾರೆ. ಕಚೇರಿಯ ಮೇಲ್‌ನಲ್ಲಿ ‘ಈಸ್’ ಎಂದೇ ಬರೆಯಿರಿ, ಅದನ್ನು ಯಾರೂ ತಿದ್ದಲಾರರು.