ನೂರೊಂದು ರೂಪಾಯಿ ಮುಂಗಡದ ಸೈಟು

1940ರ ಆಗಸ್ಟ್ 5ರಂದು ಕಲ್ಕತ್ತಾದ ಢಾಕುರಿಯಾ ಕೆರೆಗಳ ಬಳಿ ಒಬ್ಬರು ಸೈಟು ಹಿಡಿದರು. ಬಡಾವಣೆ ಕಂಪನಿಗೆ ಕೊಟ್ಟ ಮುಂಗಡ 101 ರೂಪಾಯಿ. ಕಂಪನಿ ರಸ್ತೆ, ಚರಂಡಿ ಮಾಡಿಸಬೇಕು, ಆಮೇಲೆ ಇವರು ಬಾಕಿ ಕಟ್ಟಿ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಕೆಲಸ ಯಾವಾಗ ಮುಗಿಯಬೇಕು ಎಂಬ ಮಾತು ಮಾತ್ರ ಕರಾರಿನಲ್ಲಿ ಇರಲಿಲ್ಲ.

ಮರುವರ್ಷ ಸರ್ಕಾರ ಯುದ್ಧದ ಅಗತ್ಯಕ್ಕೆಂದು ಆ ಜಮೀನಿನ ದೊಡ್ಡ ಭಾಗವನ್ನು ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಂಡಿತು. 1943ರಲ್ಲಿ ಕಂಪನಿಯಿಂದ ಕಾಗದ ಬಂತು: ಕರಾರು ರದ್ದು, ಮುಂಗಡ ವಾಪಸ್ ಪಡೆಯಿರಿ, ಬೇಡವೆಂದರೆ ಪೂರ್ತಿ ಹಣ ಕೊಟ್ಟು ಈಗಲೇ ಕ್ರಯ ಮಾಡಿಸಿಕೊಳ್ಳಿ, ರಸ್ತೆಯನ್ನು ಯುದ್ಧ ಮುಗಿದ ಮೇಲೆ ನೋಡೋಣ. ಸೈಟಿನ ಹಕ್ಕು ವಹಿಸಿಕೊಂಡಿದ್ದ ಸತ್ಯವ್ರತ ಘೋಷ್ ಎರಡಕ್ಕೂ ಒಪ್ಪದೆ 1946ರಲ್ಲಿ ದಾವೆ ಹಾಕಿದರು. ನಮ್ಮಲ್ಲಿ ‘ಕರಾರು ನಿಷ್ಫಲವಾಯಿತು’ ಎಂದು ಯಾರೇ ವಾದಿಸಲಿ, ವಕೀಲರು ಇಂದಿಗೂ ಮೊದಲು ತೆಗೆಯುವುದು ಈ ಮೊಕದ್ದಮೆಯನ್ನೇ.

ಕಂಪನಿ ಆತುಕೊಂಡದ್ದು 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56ನ್ನು. ಕರಾರು ಆದ ಮೇಲೆ, ಮಾತು ಕೊಟ್ಟವನ ಕೈಮೀರಿದ ಕಾರಣಕ್ಕೆ, ಒಪ್ಪಿದ ಕೆಲಸ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಕರಾರು ಅಲ್ಲಿಗೇ ಬಿದ್ದುಹೋಗುತ್ತದೆ ಎನ್ನುತ್ತದೆ ಅದು. ಆದರೆ ‘ಅಸಾಧ್ಯ’ ಎಂದರೆ ಎಷ್ಟು ಅಸಾಧ್ಯ? ಸುಪ್ರೀಂ ಕೋರ್ಟ್ 1953ರ ನವೆಂಬರಿನಲ್ಲಿ ಅದಕ್ಕೆ ಉತ್ತರ ಕೊಟ್ಟಿತು. ಕೆಲಸ ಅಕ್ಷರಶಃ ಆಗದಂತೆ ಇರಬೇಕಿಲ್ಲ; ಎರಡೂ ಕಡೆಯವರು ಯಾವ ತಳಹದಿಯ ಮೇಲೆ ವ್ಯವಹಾರ ಕುದುರಿಸಿದ್ದರೋ ಆ ತಳಹದಿಯೇ ಅನಿರೀಕ್ಷಿತ ಘಟನೆಯಿಂದ ಕುಸಿದಿದ್ದರೂ ಸಾಕು. ಇಷ್ಟು ಉದಾರವಾಗಿ ಹೇಳಿದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿ ಅವರೇ ಕಂಪನಿಯ ವಾದವನ್ನು ತಳ್ಳಿಹಾಕಿದರು. ಕರಾರಿಗೆ ಸಹಿ ಬೀಳುವಾಗಲೇ ಯುದ್ಧ ನಡೆಯುತ್ತಿತ್ತು, ಅಡ್ಡಿಗಳು ಬರಬಹುದೆಂದು ಇಬ್ಬರಿಗೂ ಗೊತ್ತಿತ್ತು. ಕೆಲಸಕ್ಕೆ ಗಡುವು ಇರಲಿಲ್ಲ, ಜಮೀನು ಹೋದದ್ದೂ ಸ್ವಲ್ಪ ಕಾಲಕ್ಕೆ. ಜಮೀನು ವಶಕ್ಕೆ ಹೋದಾಗ ಕಂಪನಿ ಇನ್ನೂ ಕೆಲಸವನ್ನೇ ಶುರು ಮಾಡಿರಲಿಲ್ಲ. ತಡವಾಯಿತು ನಿಜ, ತಳಹದಿ ಕುಸಿಯಲಿಲ್ಲ.

ಹಾಗಾದರೆ ಕುಸಿದದ್ದು ಹೇಗಿರುತ್ತದೆ? 2020ರ ಏಪ್ರಿಲ್ 5ಕ್ಕೆ ಮದುವೆಯಿಟ್ಟುಕೊಂಡು, ಜನವರಿಯಲ್ಲೇ ಕಲ್ಯಾಣಮಂಟಪಕ್ಕೆ ಒಂದು ಲಕ್ಷ ಮುಂಗಡ ಕೊಟ್ಟವರೊಬ್ಬರನ್ನು ಕಲ್ಪಿಸಿಕೊಳ್ಳಿ. ಮಾರ್ಚ್ 25ರಿಂದ ಲಾಕ್‌ಡೌನ್. ಮದುವೆಯಲ್ಲಿ ದಿನವೇ ಮುಖ್ಯ, ಆ ದಿನ ಮಂಟಪ ತೆರೆಯುವುದೇ ಕಾನೂನಿಗೆ ವಿರುದ್ಧ. ಢಾಕುರಿಯಾದ ಸೈಟಿನಂತೆ ಕಾಯುತ್ತ ಕೂರುವ ವ್ಯವಹಾರ ಇದಲ್ಲ. ಇಲ್ಲಿ ಸೆಕ್ಷನ್ 56ರ ವಾದಕ್ಕೆ ಬಲವಿದೆ. ಮುಂಗಡದ ಗತಿ? ಅದಕ್ಕೆ ಸೆಕ್ಷನ್ 65 ಇದೆ: ಬಿದ್ದುಹೋದ ಕರಾರಿನಡಿ ಲಾಭ ಪಡೆದವನು ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು. ‘ಕೊಟ್ಟ ಅಡ್ವಾನ್ಸ್ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ’ ಎಂಬ ಮ್ಯಾನೇಜರನ ಬಾಯಿಮಾತು ಇದರ ಮುಂದೆ ನಿಲ್ಲುವುದು ಕಷ್ಟ.

ಆದರೆ ಕರಾರಿನಲ್ಲೇ ಇಂಥ ಆಪತ್ತಿಗೆ ಒಂದು ಷರತ್ತು ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಫ್ರೆಂಚ್ ಮೂಲದ ಹೆಸರಿನಲ್ಲಿ ಅದನ್ನು ಫೋರ್ಸ್ ಮೆಜ್ಯೂರ್ ಎನ್ನುತ್ತಾರೆ. ಪ್ರವಾಹ, ಯುದ್ಧ, ಸಾಂಕ್ರಾಮಿಕ, ಸರ್ಕಾರಿ ಆದೇಶ ಎಂದು ಪಟ್ಟಿ ಮಾಡಿ, ಆಗ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಡುವ ಷರತ್ತು ಅದು. ಅಂಥ ಷರತ್ತು ಇದ್ದಲ್ಲಿ ಕೋರ್ಟು ಮೊದಲು ನೋಡುವುದು ಅದನ್ನೇ. ಅದು ಸೆಕ್ಷನ್ 32ರ ವಿಷಯವಾಗುತ್ತದೆ, 56ರದ್ದಲ್ಲ. ‘ಒಂದು ವರ್ಷದೊಳಗೆ ಬೇರೆ ದಿನ ಕೊಡಲಾಗುವುದು’ ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೆ, ಹಣದ ಬದಲು ಆ ದಿನವೇ ನಿಮ್ಮ ಪಾಲಿಗೆ ಬರಬಹುದು.

ದರ ಏರಿತು ಎಂಬ ಗೋಳಿಗಂತೂ ಈ ಕಾನೂನಿನಲ್ಲಿ ಜಾಗವಿಲ್ಲ. ಇಂಡೋನೇಷ್ಯಾ ನಿಯಮ ಬದಲಿಸಿ ಅಲ್ಲಿನ ಕಲ್ಲಿದ್ದಲು ದುಬಾರಿಯಾದಾಗ ನಮ್ಮ ವಿದ್ಯುತ್ ಕಂಪನಿಗಳು ಇದೇ ಬಾಗಿಲು ತಟ್ಟಿದವು. ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ: ಕೆಲಸ ದುಬಾರಿಯಾಗಿದೆ, ಅಸಾಧ್ಯವಾಗಿಲ್ಲ, ಇಂಧನದ ಬೆಲೆಯೇರಿಕೆ ಲೆಕ್ಕಕ್ಕಿಲ್ಲವೆಂದು ಅವರ ಕರಾರೇ ಹೇಳಿತ್ತು. ಬಾಡಿಗೆದಾರರಿಗೂ 56 ಆಸರೆಯಾಗದು. ಜಾರಿಯಲ್ಲಿರುವ ಬಾಡಿಗೆಗೆ ಅದು ಅನ್ವಯಿಸುವುದಿಲ್ಲವೆಂದು 1968ರಲ್ಲೇ ತೀರ್ಪಾಗಿದೆ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದರೂ ಬಾಡಿಗೆ ಮನ್ನಾ ಕೇಳಿದ ದೆಹಲಿಯ ವ್ಯಾಪಾರಿಯೊಬ್ಬರಿಗೆ ಹೈಕೋರ್ಟು ಕಟ್ಟಲು ಸ್ವಲ್ಪ ಕಾಲಾವಕಾಶ ಕೊಟ್ಟಿತೇ ಹೊರತು ಬಾಡಿಗೆ ಬಿಡಲಿಲ್ಲ.

ಇನ್ನು ಮಂಟಪಕ್ಕೋ ಮನೆ ಕಟ್ಟಿಸುವುದಕ್ಕೋ ಸಹಿ ಹಾಕುವ ಮುನ್ನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಈ ಷರತ್ತನ್ನು ಹುಡುಕಿ. ಆಪತ್ತು ಬಂದಾಗ ಎಷ್ಟು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಮುಂಗಡ ಏನಾಗುತ್ತದೆ ಎಂಬೆರಡನ್ನು ಓದಿಕೊಳ್ಳಿ. ಬರೆದಿಲ್ಲವಾದರೆ ಅಲ್ಲೇ ಪೆನ್ನಿನಲ್ಲಿ ಬರೆಸಿ, ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿ.