ಆ 83 ಪೈಸೆ ಎಲ್ಲಿಂದ ಬಂತು?

ಚಿಕ್ಕಮಗಳೂರಿನ ಕಾಫಿ ರಫ್ತುದಾರರೊಬ್ಬರಿಗೆ ಇಟಲಿಯಿಂದ ಬೇಡಿಕೆ ಬಂದಿದೆ ಎಂದುಕೊಳ್ಳೋಣ. ಬೆಲೆ ನಿಗದಿಯಾಗಿರುವುದು ಡಾಲರಿನಲ್ಲಿ. ಸರಕು ಹೋಗಿ, ದಾಖಲೆಪತ್ರ ಮುಗಿದು, ಒಂದು ಲಕ್ಷ ಡಾಲರ್ ಕೈಸೇರುವುದು ಇನ್ನು ಆರು ತಿಂಗಳಿಗೆ. ಇಂದು ಡಾಲರಿಗೆ 85 ರೂಪಾಯಿ. ಆರು ತಿಂಗಳ ನಂತರ ಅದು 82 ಆಗಬಹುದು, 89 ಕೂಡ ಆಗಬಹುದು. ಬೆಳೆಗಾರರಿಗೆ ರೂಪಾಯಿಯಲ್ಲಿ ಹಣ ಕೊಡಬೇಕಾದ ರಫ್ತುದಾರರಿಗೆ ಈ ಅನಿಶ್ಚಿತತೆ ಬೇಡ. ಹಾಗಾಗಿ ಅವರು ಬ್ಯಾಂಕಿಗೆ ಹೋಗಿ, ಮುಂದೆ ಬರುವ ಡಾಲರನ್ನು ಇಂದೇ ಬೆಲೆ ಕಟ್ಟಿ ಮಾರುತ್ತಾರೆ. ಇದೇ ಫಾರ್ವರ್ಡ್ ಒಪ್ಪಂದ.

ಬ್ಯಾಂಕು ಹೇಳುವ ಬೆಲೆ 85 ಅಲ್ಲ, 85 ರೂಪಾಯಿ 83 ಪೈಸೆ. ಇಂದಿನ ಬೆಲೆಗೆ ಸ್ಪಾಟ್ ದರ ಎನ್ನುತ್ತಾರೆ. ಸ್ಪಾಟ್ ದರದ ಮೇಲೆ ಸೇರಿದ ಈ 83 ಪೈಸೆಗೆ ಫಾರ್ವರ್ಡ್ ಪಾಯಿಂಟ್ ಎಂಬ ಹೆಸರಿದೆ. ಮುಂಬೈಯ ವಿದೇಶಿ ವಿನಿಮಯ ಪೇಟೆಯಲ್ಲಿ ಇದನ್ನು ಪ್ರೀಮಿಯಂ ಎಂದು ಕರೆದು ಪೈಸೆ ಲೆಕ್ಕದಲ್ಲೇ ಹೇಳುವುದು ರೂಢಿ.

ರೂಪಾಯಿ ಆರು ತಿಂಗಳಲ್ಲಿ 83 ಪೈಸೆ ಕುಸಿಯುತ್ತದೆ ಎಂದು ಬ್ಯಾಂಕಿನ ತಜ್ಞರು ಊಹಿಸಿದ್ದಾರೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಈ ಅಂಕಿಯಲ್ಲಿ ಊಹೆ ಎಳ್ಳಷ್ಟೂ ಇಲ್ಲ. ಇದು ಎರಡು ದೇಶಗಳ ಬಡ್ಡಿಯಿಂದ ಹುಟ್ಟಿದ ಶುದ್ಧ ಅಂಕಗಣಿತ.

ಲೆಕ್ಕ ಹೀಗಿದೆ. ಭಾರತದಲ್ಲಿ ರೂಪಾಯಿಗೆ ವರ್ಷಕ್ಕೆ ಶೇ. 6.5 ಬಡ್ಡಿ, ಅಮೆರಿಕದಲ್ಲಿ ಡಾಲರಿಗೆ ಶೇ. 4.5 ಬಡ್ಡಿ ಎಂದಿಟ್ಟುಕೊಳ್ಳೋಣ. ರಫ್ತುದಾರರಿಗೆ ಫಾರ್ವರ್ಡ್ ಒಪ್ಪಂದವಲ್ಲದೆ ಇನ್ನೊಂದು ದಾರಿಯೂ ಇದೆ. ಆರು ತಿಂಗಳ ಬಳಿಕ ಬಡ್ಡಿಯೂ ಸೇರಿ ಸರಿಯಾಗಿ ಒಂದು ಲಕ್ಷ ಡಾಲರ್ ಮರಳಿಸಬೇಕಾಗುವಷ್ಟು ಸಾಲವನ್ನು ಅವರು ಇಂದೇ ಡಾಲರಿನಲ್ಲಿ ಪಡೆಯಬಹುದು. ಅರ್ಧ ವರ್ಷದ ಬಡ್ಡಿ ಶೇ. 2.25 ಆದ್ದರಿಂದ ಆ ಸಾಲದ ಮೊತ್ತ ಸುಮಾರು 97,800 ಡಾಲರ್. ಅದನ್ನು ಇಂದಿನ 85ರ ದರದಲ್ಲಿ ಮಾರಿದರೆ ಸುಮಾರು 83 ಲಕ್ಷ 13 ಸಾವಿರ ರೂಪಾಯಿ ಸಿಗುತ್ತದೆ. ಆ ಹಣವನ್ನು ಆರು ತಿಂಗಳ ಠೇವಣಿಗೆ ಹಾಕಿದರೆ ಶೇ. 3.25 ಬಡ್ಡಿ ಸೇರಿ 85 ಲಕ್ಷ 83 ಸಾವಿರವಾಗುತ್ತದೆ. ಇಟಲಿಯಿಂದ ಡಾಲರ್ ಬಂದ ದಿನ ಸಾಲ ತೀರಿಸಿಬಿಟ್ಟರೆ ಕೈಯಲ್ಲಿ ಉಳಿಯುವುದು ಆ 85 ಲಕ್ಷ 83 ಸಾವಿರ.

ಅಂದರೆ ಡಾಲರಿಗೆ 85 ರೂಪಾಯಿ 83 ಪೈಸೆ. ಬ್ಯಾಂಕು ಹೇಳಿದ್ದೂ ಇದನ್ನೇ. ರಫ್ತುದಾರರಿಂದ ಡಾಲರನ್ನು ಫಾರ್ವರ್ಡ್‌ನಲ್ಲಿ ಕೊಂಡ ಬ್ಯಾಂಕು ತನ್ನ ಅಪಾಯ ಕಳೆದುಕೊಳ್ಳಲು ಒಳಗೊಳಗೇ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಡಾಲರ್ ಸಾಲ ತಂದು ಮಾರುತ್ತದೆ, ಬಂದ ರೂಪಾಯಿಯನ್ನು ಬಡ್ಡಿಗೆ ಬಿಡುತ್ತದೆ. ಡಾಲರ್ ಸಾಲಕ್ಕೆ ಕೊಡುವ ಬಡ್ಡಿ ಕಡಿಮೆ, ರೂಪಾಯಿಯಿಂದ ಬರುವ ಬಡ್ಡಿ ಹೆಚ್ಚು. ಆ ವ್ಯತ್ಯಾಸವೇ 83 ಪೈಸೆಯ ರೂಪದಲ್ಲಿ ರಫ್ತುದಾರರಿಗೆ ಸಲ್ಲುತ್ತದೆ.

ಸೂತ್ರವಾಗಿ ಬರೆದರೆ ಒಂದೇ ಸಾಲು:

ಫಾರ್ವರ್ಡ್ ದರ = 85 × (1.0325 ÷ 1.0225) = 85.83

ಬ್ಯಾಂಕೊಂದು ಉದಾರವಾಗಿ 86 ರೂಪಾಯಿ 50 ಪೈಸೆ ಕೊಡುತ್ತೇನೆ ಎಂದರೆ? ಪೇಟೆಯ ಚುರುಕು ಕಣ್ಣುಗಳು ಅದನ್ನು ಗಮನಿಸದೆ ಬಿಡುವುದಿಲ್ಲ. ಇನ್ನೊಂದು ಬ್ಯಾಂಕಿನ ಟ್ರೆಜರಿ ವಿಭಾಗ 85 ಲಕ್ಷ ರೂಪಾಯಿ ಸಾಲ ಎತ್ತಿ, ಒಂದು ಲಕ್ಷ ಡಾಲರ್ ಕೊಂಡು, ಡಾಲರ್ ಠೇವಣಿಯಲ್ಲಿಡುತ್ತದೆ. ಜೊತೆಗೇ, ಆರು ತಿಂಗಳಿಗೆ ಕೈಗೆ ಬರುವ 1,02,250 ಡಾಲರನ್ನು 86.50ರ ಫಾರ್ವರ್ಡ್ ದರದಲ್ಲಿ ಮಾರಿಬಿಡುತ್ತದೆ. ಅವಧಿ ಮುಗಿದಾಗ ಬರುವುದು 88,44,625 ರೂಪಾಯಿ. ಬಡ್ಡಿ ಸಮೇತ ತೀರಿಸಬೇಕಾದ ಸಾಲ 87,76,250. ಡಾಲರ್ ಏರಲಿ ಇಳಿಯಲಿ, 68,375 ರೂಪಾಯಿ ಲಾಭ ಖಚಿತ. ಹಿಂದಿರುಗುವ ದರವನ್ನು ಮೊದಲೇ ಕಟ್ಟಿಹಾಕಿರುವುದರಿಂದ ವಿನಿಮಯದ ಅಪಾಯವೇ ಇಲ್ಲ. ಇಂಥ ಅವಕಾಶ ಕಂಡೊಡನೆ ಎಲ್ಲರೂ ಮುನ್ನುಗ್ಗುತ್ತಾರೆ. ಸ್ಪಾಟ್‌ನಲ್ಲಿ ಡಾಲರ್ ಕೊಳ್ಳುವವರು ಹೆಚ್ಚಿದಂತೆ ಸ್ಪಾಟ್ ದರ ಏರುತ್ತದೆ, ಫಾರ್ವರ್ಡ್‌ನಲ್ಲಿ ಮಾರುವವರು ಹೆಚ್ಚಿದಂತೆ ಆ ದರ ಇಳಿಯುತ್ತದೆ. ಲಾಭ ಅಳಿಯುವವರೆಗೂ ಇದು ನಡೆಯುತ್ತದೆ. ಹೀಗೆ ಬಡ್ಡಿಯ ಅಂತರವೂ ಫಾರ್ವರ್ಡ್ ಪ್ರೀಮಿಯಮ್ಮೂ ಸರಿಹೊಂದಿ ನಿಲ್ಲುವ ಸ್ಥಿತಿಗೆ ಕವರ್ಡ್ ಇಂಟರೆಸ್ಟ್ ಪ್ಯಾರಿಟಿ ಎನ್ನುತ್ತಾರೆ.

ಇದನ್ನು ಸ್ಪಷ್ಟವಾಗಿ ವಿವರಿಸಿದವರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮೊದಲಿಗರು. 1923ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಲ್ಪಾವಧಿ ಬಡ್ಡಿಯ ವ್ಯತ್ಯಾಸಕ್ಕೂ ಫಾರ್ವರ್ಡ್ ದರಕ್ಕೂ ಇರುವ ನಂಟನ್ನು ತೋರಿಸಿದರು. ಲಾಭ ತೀರಾ ಚಿಕ್ಕದಾದರೆ ವ್ಯಾಪಾರಿಗಳು ತಮ್ಮ ಹಣವನ್ನು ಕದಲಿಸುವುದಿಲ್ಲ, ಹಾಗಾಗಿ ಈ ಸಮತೋಲ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಇರುವುದಿಲ್ಲ ಎಂಬುದನ್ನೂ ಅವರು ಅಂದೇ ಗುರುತಿಸಿದ್ದರು.

ಪ್ರೀಮಿಯಂ ಭವಿಷ್ಯವಾಣಿಯಲ್ಲ ಎಂಬುದಕ್ಕೆ 2022ನೇ ವರ್ಷಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ವರ್ಷದ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4 ಇತ್ತು, ಅಮೆರಿಕದ ಫೆಡರಲ್ ರಿಸರ್ವ್‌ನ ದರ ಸೊನ್ನೆಯಿಂದ ಶೇ. 0.25ರ ನಡುವೆ ಇತ್ತು. ಅಂತರ ಹತ್ತಿರಹತ್ತಿರ ಶೇ. 4. ಡಾಲರಿಗೆ 74 ರೂಪಾಯಿ ಚಿಲ್ಲರೆ ಇದ್ದ ಆ ದಿನಗಳಲ್ಲಿ ಈ ಅಂತರದ ಪ್ರಕಾರ ಒಂದು ವರ್ಷದ ಫಾರ್ವರ್ಡ್ ದರ ಸುಮಾರು 77 ರೂಪಾಯಿ. ವರ್ಷದ ಕೊನೆಗೆ ಡಾಲರ್ 82 ರೂಪಾಯಿ ದಾಟಿತ್ತು. ಜನವರಿಯಲ್ಲಿ ಒಪ್ಪಂದ ಮಾಡಿಕೊಂಡ ರಫ್ತುದಾರರು ಕಾಯ್ದಿದ್ದರೆ ಹೆಚ್ಚು ಗಳಿಸುತ್ತಿದ್ದರು ನಿಜ. ಆದರೆ ಬ್ಯಾಂಕು ಅವರಿಗೆ ತಪ್ಪು ಭವಿಷ್ಯ ಹೇಳಿರಲಿಲ್ಲ, ಏಕೆಂದರೆ ಅದು ಭವಿಷ್ಯವನ್ನೇ ಹೇಳಿರಲಿಲ್ಲ. ಅಂದಿನ ಬಡ್ಡಿ ಲೆಕ್ಕವನ್ನಷ್ಟೇ ಮುಂದಿಟ್ಟಿತ್ತು.

ಮುಂದಿನದು ಇನ್ನೂ ಸ್ವಾರಸ್ಯಕರ. ಬೆಲೆಯೇರಿಕೆಯನ್ನು ತಡೆಯಲು ಫೆಡರಲ್ ರಿಸರ್ವ್ 2023ರ ಜುಲೈ ಹೊತ್ತಿಗೆ ತನ್ನ ದರವನ್ನು ಶೇ. 5.25ರಿಂದ 5.50ರ ಮಟ್ಟಕ್ಕೆ ಒಯ್ದಿತು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.5ಕ್ಕೆ ನಿಲ್ಲಿಸಿತು. ಅಂತರ ಶೇ. 1ರ ಆಸುಪಾಸಿಗೆ ಇಳಿಯಿತು, ಒಂದು ವರ್ಷದ ಫಾರ್ವರ್ಡ್ ಪ್ರೀಮಿಯಂ ಕೂಡ ಶೇ. 2ಕ್ಕಿಂತ ಕೆಳಗೆ ಬಂತು. ರೂಪಾಯಿ ದುರ್ಬಲವಾದ ಕಾಲದಲ್ಲೇ ಪ್ರೀಮಿಯಂ ಕರಗಿತು. ಡಾಲರಿನಲ್ಲಿ ಗಳಿಸುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಫಾರ್ವರ್ಡ್ ಮಾರಾಟದಿಂದ ಸಿಗುತ್ತಿದ್ದ ಹೆಚ್ಚುವರಿ ಪೈಸೆಗಳು ಕಡಿಮೆಯಾದವು. ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವ ಮಂಗಳೂರಿನ ಕಾರ್ಖಾನೆಯವರಿಗೆ ಇದೇ ಬದಲಾವಣೆ ಅನುಕೂಲವಾಯಿತು. ಮುಂದಿನ ಡಾಲರನ್ನು ಇಂದೇ ಕಾಯ್ದಿರಿಸಲು ಅವರು ಕೊಡಬೇಕಾದ ಪ್ರೀಮಿಯಂ ಅಷ್ಟು ಅಗ್ಗವಾಯಿತು.

ಸಮತೋಲ ತಪ್ಪುವುದೂ ಉಂಟು. ಸಾಲ ತರುವುದು, ಕೊಡುವುದು ಎರಡೂ ಸಲೀಸಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಭಾರತದಲ್ಲಿ ಯಾರು ಬೇಕಾದರೂ ಅಮೆರಿಕದಲ್ಲಿ ಸಾಲ ಎತ್ತಿ ಇಲ್ಲಿ ಬಡ್ಡಿಗೆ ಬಿಡುವಂತಿಲ್ಲ, ಅದಕ್ಕೆ ನಿಯಮಗಳ ಬೇಲಿ ಇದೆ. ಹಾಗಾಗಿ ಆಮದುದಾರರು ಒಟ್ಟಾಗಿ ಡಾಲರ್ ಕಾಯ್ದಿರಿಸಲು ಮುಗಿಬಿದ್ದರೆ ಪ್ರೀಮಿಯಂ ಬಡ್ಡಿ ಅಂತರವನ್ನು ಮೀರಿ ಏರುತ್ತದೆ, ರಫ್ತುದಾರರ ಮಾರಾಟ ಹೆಚ್ಚಿದರೆ ಅದಕ್ಕಿಂತ ಕೆಳಗೆ ಬೀಳುತ್ತದೆ. 2008ರ ಆರ್ಥಿಕ ಬಿಕ್ಕಟ್ಟಿನ ಬಳಿಕ ಯೂರೊ, ಯೆನ್‌ಗಳಂಥ ಮುಕ್ತ ಪೇಟೆಗಳಲ್ಲೂ ಸಣ್ಣ ಅಂತರ ಉಳಿದುಕೊಂಡಿದೆ. ಅಪಾಯವಿಲ್ಲದ ವ್ಯವಹಾರಕ್ಕೂ ಬ್ಯಾಂಕುಗಳು ಬಂಡವಾಳ ಕಟ್ಟಿಡಬೇಕಾಗಿರುವುದು ಅದಕ್ಕೆ ಮುಖ್ಯ ಕಾರಣ.

ಒಮ್ಮೆ ರಿಸರ್ವ್ ಬ್ಯಾಂಕೇ ಬೇಕೆಂದು ಈ ಸಮತೋಲವನ್ನು ವಾಲಿಸಿತ್ತು. 2013ರ ಆಗಸ್ಟ್ ಕೊನೆಯಲ್ಲಿ ಡಾಲರ್ 68 ರೂಪಾಯಿ ದಾಟಿ ಆತಂಕ ಹಬ್ಬಿತ್ತು. ಸೆಪ್ಟೆಂಬರಿನಲ್ಲಿ ಗವರ್ನರ್ ಆಗಿ ಬಂದ ರಘುರಾಮ್ ರಾಜನ್ ಒಂದು ವಿಶೇಷ ಸೌಲಭ್ಯ ಪ್ರಕಟಿಸಿದರು. ಅನಿವಾಸಿ ಭಾರತೀಯರಿಂದ ಮೂರು ವರ್ಷ ಅಥವಾ ಹೆಚ್ಚಿನ ಅವಧಿಗೆ ಡಾಲರ್ ಠೇವಣಿ ತಂದ ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ರೂಪಾಯಿ ಪಡೆಯಬಹುದು. ಅವಧಿ ಮುಗಿದಾಗ ಡಾಲರನ್ನು ಮರಳಿ ಕೊಳ್ಳಲು ವರ್ಷಕ್ಕೆ ಶೇ. 3.5 ಪ್ರೀಮಿಯಂ ಕೊಟ್ಟರೆ ಸಾಕು. ಮಾರುಕಟ್ಟೆಯ ಪ್ರೀಮಿಯಂ ಅದಕ್ಕಿಂತ ಬಹಳ ಹೆಚ್ಚಿತ್ತು.

ಇಲ್ಲಿಯೂ ಬಡ್ಡಿ ಲೆಕ್ಕವೇ. ಠೇವಣಿದಾರರಿಗೆ ಡಾಲರಿನಲ್ಲಿ ಶೇ. 5 ಕೊಟ್ಟರೂ, ಪ್ರೀಮಿಯಂ ಶೇ. 3.5 ಸೇರಿ ಬ್ಯಾಂಕಿಗೆ ರೂಪಾಯಿ ಸಿಕ್ಕಿದ್ದು ಸುಮಾರು ಶೇ. 8.5ಕ್ಕೆ. ಅದೇ ತಿಂಗಳ ಆರಂಭದಲ್ಲಿ ಬ್ಯಾಂಕುಗಳು ತುರ್ತಾಗಿ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುವ ದರ ಶೇ. 10.25 ಇತ್ತು. ಇಷ್ಟು ಅಂತರ ಕಂಡ ಬ್ಯಾಂಕುಗಳು ವಿದೇಶಗಳಲ್ಲಿ ಠೇವಣಿ ಸಂಗ್ರಹಕ್ಕೆ ಹೊರಟವು. ನವೆಂಬರ್ ಕೊನೆಗೆ ಈ ಸೌಲಭ್ಯ ಮತ್ತು ಬ್ಯಾಂಕುಗಳ ವಿದೇಶಿ ಸಾಲಕ್ಕೆ ಕೊಟ್ಟ ಇಂಥದೇ ಇನ್ನೊಂದು ಸೌಲಭ್ಯದಿಂದ ಒಟ್ಟು ಸುಮಾರು 34 ಶತಕೋಟಿ ಡಾಲರ್ ಬಂತು. ಪ್ರೀಮಿಯಂ ಅನ್ನು ಅಗ್ಗವಾಗಿ ಕೊಟ್ಟದ್ದೇ ಆ ಡಾಲರುಗಳಿಗೆ ದೇಶ ತೆತ್ತ ಬೆಲೆ.

ಸಾಮಾನ್ಯ ರಫ್ತುದಾರರಿಗೆ ಈ ತತ್ವದ ಉಪಯೋಗ ಬಹಳ ನೇರ. ಬ್ಯಾಂಕು ಹೇಳಿದ ಪ್ರೀಮಿಯಮ್ಮನ್ನು ಸ್ಪಾಟ್ ದರದಿಂದ ಭಾಗಿಸಿ, ವರ್ಷದ ಲೆಕ್ಕಕ್ಕೆ ತಂದು, ಬಡ್ಡಿ ಅಂತರದ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಉದಾಹರಣೆಯಲ್ಲಿ 83 ಪೈಸೆ ಎಂದರೆ ವರ್ಷಕ್ಕೆ ಸುಮಾರು ಶೇ. 1.95, ಅಂದರೆ ಶೇ. 2ರ ಅಂತರಕ್ಕೆ ಹತ್ತಿರ. ಬ್ಯಾಂಕು 65 ಪೈಸೆ ಮಾತ್ರ ಹೇಳಿದರೆ ಅದು ಶೇ. 1.53 ಆಗುತ್ತದೆ, ಒಂದು ಲಕ್ಷ ಡಾಲರಿನ ಮೇಲೆ 18,000 ರೂಪಾಯಿ ಕಡಿಮೆ. ಇದರಲ್ಲಿ ಒಂದು ಪಾಲು ಬ್ಯಾಂಕಿನ ನ್ಯಾಯವಾದ ಕಮಿಷನ್ ಇರಬಹುದು, ಕೊಳ್ಳುವ ಮತ್ತು ಮಾರುವ ದರಗಳ ಅಂತರವೂ ಇರಬಹುದು. ಡಾಲರಿನ ಬಡ್ಡಿಗೆ ವರ್ಷಕ್ಕೆ 360 ದಿನ, ರೂಪಾಯಿಗೆ 365 ದಿನ ಹಿಡಿಯುವ ಪದ್ಧತಿಯಿಂದಲೂ ಒಂದೆರಡು ಪೈಸೆ ಆಚೀಚೆ ಆಗುತ್ತದೆ. ಪೇಟೆಯ ಪ್ರೀಮಿಯಮ್ಮೇ ಅಂದು ಬಡ್ಡಿ ಅಂತರಕ್ಕಿಂತ ಕೆಳಗಿರಲೂಬಹುದು, ಅದಕ್ಕಾಗಿ ಎರಡು ಬ್ಯಾಂಕುಗಳಲ್ಲಿ ಒಂದೇ ಗಳಿಗೆಗೆ ದರ ಕೇಳಬೇಕು. ಒಂದು ಕಡೆ 80, ಇನ್ನೊಂದು ಕಡೆ 65 ಎಂದರೆ ಕೊರತೆ ಪೇಟೆಯದಲ್ಲ. ಕೇಳುವಾಗ ಸ್ಪಾಟ್ ದರ ಎಷ್ಟು, ಪ್ರೀಮಿಯಂ ಎಷ್ಟು, ಕಮಿಷನ್ ಎಷ್ಟು ಎಂದು ಮೂರನ್ನೂ ಬಿಡಿಸಿ ಕೇಳುವುದು ಒಳ್ಳೆಯದು. ಮೂರನ್ನೂ ಕಲಸಿ ಒಂದೇ ದರವಾಗಿ ಹೇಳಿದಾಗ ಹಣ ಎಲ್ಲಿ ಸೋರಿತು ಎಂದು ಕಂಡುಹಿಡಿಯುವುದು ಕಷ್ಟ.

ಒಪ್ಪಂದದ ದಿನಾಂಕವೂ ಅಷ್ಟೇ ಮುಖ್ಯ. ಹಡಗು ತಡವಾಗಿ ಹಣ ಎಂಟನೇ ತಿಂಗಳಿಗೆ ಬಂದರೆ ಆರನೇ ತಿಂಗಳ ಒಪ್ಪಂದವನ್ನು ರದ್ದುಮಾಡಿ ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ. ಆ ದಿನ ಡಾಲರ್ 88 ಆಗಿದ್ದರೆ, 85.83ಕ್ಕೆ ಮಾರಿದ್ದನ್ನು 88ಕ್ಕೆ ಮರಳಿ ಕೊಂಡಂತೆ ಲೆಕ್ಕ ಹಾಕಿ, ವ್ಯತ್ಯಾಸವಾದ ಎರಡು ಲಕ್ಷದ ಹದಿನೇಳು ಸಾವಿರ ರೂಪಾಯಿಯನ್ನು ರಫ್ತುದಾರರ ಖಾತೆಯಿಂದ ಬ್ಯಾಂಕು ಕಳೆಯುತ್ತದೆ. ಮುಂದೆ ಬರುವ ಡಾಲರನ್ನು ಹೊಸ ದರದಲ್ಲಿ ಮಾರಿದಾಗ ಅದು ಬಹುಪಾಲು ಹಿಂದಿರುಗುತ್ತದೆ, ಆದರೆ ಮಧ್ಯದ ಎರಡು ತಿಂಗಳು ಆ ಹಣವನ್ನು ಕೈಯಿಂದ ಹೊಂದಿಸಬೇಕು. ಬೇಡಿಕೆಯೇ ರದ್ದಾದರೆ ಅದು ಮರಳಿ ಬರುವ ದಾರಿಯೂ ಇಲ್ಲ. ಆದ್ದರಿಂದ ಖಚಿತವಾಗಿ ಬರುವ ಹಣಕ್ಕೆ ಮಾತ್ರ ಫಾರ್ವರ್ಡ್ ಮಾಡಿಕೊಂಡು, ಅನುಮಾನವಿರುವ ಭಾಗವನ್ನು ಬಿಡುವವರು ಅನೇಕರು.